‘ಶೇ 36 ಕಡಿಮೆ’ ಎಂದರೆ ನೂರಕ್ಕೆ ಎಷ್ಟು ಮಂದಿ? ಸುದ್ದಿಯ ಅಂಕಿ, ಗ್ರಾಫ್ ಓದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶ್ನೆಗಳನ್ನು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಮಂದಿ ಕೇಳುವ ಮಾತಿನಲ್ಲೇ ಇಟ್ಟಿದ್ದೇವೆ. ಉತ್ತರಗಳ ಬಹುಪಾಲು ಒಂದೇ ಅಧ್ಯಯನದ ಸುತ್ತ ಇದೆ. ಒಂದು ಲೆಕ್ಕವನ್ನು ಕಡೆತನಕ ಮಾಡಿ ನೋಡಿದರೆ, ಮುಂದೆ ಯಾವ ಸುದ್ದಿ ಬಂದರೂ ಅದೇ ಲೆಕ್ಕ ಹಾಕಬಹುದು.

‘ಹೃದಯಾಘಾತದ ಅಪಾಯ ಶೇ 36 ಕಡಿಮಿ’ ಅಂದ್ರ, ನೂರು ಮಂದ್ಯಾಗ 36 ಮಂದಿ ಉಳದ್ರು ಅಂತೇನ್ರಿ?

ಅಲ್ಲ. ನೂರರಲ್ಲಿ ಸುಮಾರು ಒಬ್ಬರು. ಹೇಗೆಂದು ನೋಡೋಣ.

ಕೊಲೆಸ್ಟ್ರಾಲ್ ಇಳಿಸಲು ಕೊಡುವ ಅಟೋರ್ವಾಸ್ಟಾಟಿನ್ ಗುಳಿಗೆಯ ಬಗ್ಗೆ 2003ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಬ್ರಿಟನ್, ಐರ್ಲೆಂಡ್ ಮತ್ತು ಉತ್ತರ ಯುರೋಪಿನ ದೇಶಗಳ 10,305 ಮಂದಿ ಅದರಲ್ಲಿದ್ದರು. ಎಲ್ಲರಿಗೂ ಬಿಪಿ ಇತ್ತು, ಜೊತೆಗೆ ಹೃದ್ರೋಗ ಬರುವ ಸಾಧ್ಯತೆ ಹೆಚ್ಚಿಸುವ ಇನ್ನೂ ಮೂರಾದರೂ ಕಾರಣಗಳಿದ್ದವು. ಆದರೆ ಯಾರಿಗೂ ಅದುವರೆಗೆ ಹೃದಯಾಘಾತ ಆಗಿರಲಿಲ್ಲ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, 5,168 ಮಂದಿಗೆ ದಿನಕ್ಕೆ 10 ಮಿಲಿಗ್ರಾಂ ಗುಳಿಗೆಯನ್ನೂ, 5,137 ಮಂದಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಹುಸಿ ಗುಳಿಗೆಯನ್ನೂ ಕೊಟ್ಟರು. ಸುಮಾರು 3.3 ವರ್ಷ ಕಳೆಯುವ ಹೊತ್ತಿಗೆ ಹೃದಯಾಘಾತವಾದವರು ಅಥವಾ ಹೃದಯದ ರಕ್ತನಾಳದ ಕಾಯಿಲೆಯಿಂದ ತೀರಿಕೊಂಡವರು ಹುಸಿ ಗುಳಿಗೆಯ ಗುಂಪಿನಲ್ಲಿ 154, ನಿಜವಾದ ಗುಳಿಗೆಯ ಗುಂಪಿನಲ್ಲಿ 100.

ಈಗ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ.

```
154 ÷ 5137 × 100 = 3.00
100 ÷ 5168 × 100 = 1.93
3.00 − 1.93 = 1.07
```

ಹುಸಿ ಗುಳಿಗೆ ನುಂಗಿದ ನೂರು ಮಂದಿಯಲ್ಲಿ 3 ಮಂದಿಗೆ ತೊಂದರೆಯಾಯಿತು. ನಿಜ ಗುಳಿಗೆ ನುಂಗಿದ ನೂರು ಮಂದಿಯಲ್ಲಿ ಸುಮಾರು 2 ಮಂದಿಗೆ. ವ್ಯತ್ಯಾಸ ನೂರಕ್ಕೆ ಒಂದು. ಇದಕ್ಕೆ ನಿರಪೇಕ್ಷ ಅಪಾಯದ ಇಳಿಕೆ ಎನ್ನುತ್ತಾರೆ. ಇದೇ ಇಳಿಕೆಯನ್ನು ನೂರಕ್ಕಲ್ಲದೆ, ಮೊದಲಿದ್ದ ಆ 3ಕ್ಕೆ ಹೋಲಿಸಿ ಹೇಳಿದರೆ ಅದು ಸಾಪೇಕ್ಷ ಅಪಾಯದ ಇಳಿಕೆ. 1.07ನ್ನು 3.00ರಿಂದ ಭಾಗಿಸಿದರೆ 0.36 ಬರುತ್ತದೆ. ಸುದ್ದಿಯಲ್ಲೂ ಜಾಹೀರಾತಿನಲ್ಲೂ ದೊಡ್ಡ ಅಕ್ಷರದಲ್ಲಿ ಬಂದದ್ದು ಈ 36. ಅಮೆರಿಕದ ಪತ್ರಿಕೆಗಳಲ್ಲಿ ಬಂದ ಜಾಹೀರಾತಿನಲ್ಲಿ ಅದರ ಪಕ್ಕ ಒಂದು ನಕ್ಷತ್ರದ ಗುರುತಿತ್ತು. ಹುಸಿ ಗುಳಿಗೆಯಲ್ಲಿ ಶೇ 3, ನಿಜ ಗುಳಿಗೆಯಲ್ಲಿ ಶೇ 2 ಎಂಬ ಮಾತು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಹಂಗಾದ್ರ 36 ಅನ್ನೂದು ಸುಳ್ಳೇನ್ರಿ?

ಸುಳ್ಳಲ್ಲ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಯಾವುದರ ಮೇಲೆ 36 ಎಂಬುದನ್ನು ಬಿಟ್ಟು ಹೇಳಿದ್ದಾರೆ.

ಅಂಗಡಿಯ ಮುಂದೆ ‘ಶೇ 36 ರಿಯಾಯಿತಿ’ ಎಂಬ ಬೋರ್ಡ್ ಕಂಡರೆ ನಾವು ಯಾರೂ ಅಷ್ಟಕ್ಕೇ ಖುಷಿಪಡುವುದಿಲ್ಲ. ಸಾಮಾನು ಯಾವುದು, ಬೆಲೆ ಎಷ್ಟು ಎಂದು ಕೇಳುತ್ತೇವೆ. 25 ರೂಪಾಯಿಯ ಒಂದು ಪ್ಲೇಟ್ ಗಿರ್ಮಿಟ್ ಮೇಲೆ ಶೇ 36 ಎಂದರೆ ಉಳಿಯುವುದು 9 ರೂಪಾಯಿ. 10,000 ರೂಪಾಯಿಯ ಇಳಕಲ್ ಸೀರೆಯ ಮೇಲೆ ಅದೇ ಶೇ 36 ಎಂದರೆ 3,600 ರೂಪಾಯಿ. ಸಾಪೇಕ್ಷ ಅಪಾಯದ ಇಳಿಕೆ ಎಂದರೆ ರಿಯಾಯಿತಿಯ ಬೋರ್ಡ್. ಗುಳಿಗೆ ಇಲ್ಲದಾಗ ಇರುವ ಮೂಲ ಅಪಾಯ ಎಂದರೆ ಸಾಮಾನಿನ ಬೆಲೆ. ಕಿಸೆಯಲ್ಲಿ ಎಷ್ಟು ಉಳಿಯಿತು ಎಂಬುದು ನಿರಪೇಕ್ಷ ಅಪಾಯದ ವ್ಯತ್ಯಾಸ. ಬೋರ್ಡ್ ಒಂದನ್ನೇ ಓದಿ ಕಿಸೆಯ ಲೆಕ್ಕ ಹಾಕಲು ಬರುವುದಿಲ್ಲ.

ಇದನ್ನು ಇನ್ನೊಂದು ಬಗೆಯಲ್ಲೂ ಹೇಳಬಹುದು. 100ನ್ನು 1.07ರಿಂದ ಭಾಗಿಸಿದರೆ ಸುಮಾರು 93.5 ಬರುತ್ತದೆ, ಮೇಲಿನ ಪೂರ್ಣ ಸಂಖ್ಯೆ ಹಿಡಿದರೆ 94. ಅಂಥ 94 ಮಂದಿ 3.3 ವರ್ಷ ದಿನಾ ಗುಳಿಗೆ ನುಂಗಿದರೆ ಒಬ್ಬರಿಗೆ ಆಗಬೇಕಿದ್ದ ಹೃದಯಾಘಾತ ತಪ್ಪುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಗುಳಿಗೆ ಇಲ್ಲದಿದ್ದರೂ ಅಷ್ಟು ದಿನದಲ್ಲಿ ಏನೂ ಆಗುತ್ತಿರಲಿಲ್ಲ. ಒಂದಿಬ್ಬರಿಗೆ ಗುಳಿಗೆ ನುಂಗಿದರೂ ಆಗುತ್ತದೆ. ವೈದ್ಯರ ಎದುರು ಕೂತು ಮಾತನಾಡುವಾಗ ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಅಂಕಿ ಇದೇ. ಅವಧಿಯನ್ನು ಮಾತ್ರ ಅದರಿಂದ ಬಿಡಿಸಬಾರದು. ‘94ಕ್ಕೆ ಒಬ್ಬರು’ ಎಂದಷ್ಟೇ ಹೇಳಿದರೆ ಅದು ಒಂದು ವರ್ಷದ್ದೋ ಹತ್ತು ವರ್ಷದ್ದೋ ತಿಳಿಯುವುದಿಲ್ಲ.

ನಮ್ಮ ಅಪ್ಪಾಜಿ ಇದ ಗುಳಗಿ ತೊಗೋತಾರ. ನೂರಕ್ಕ ಒಂದ ಅಂದಮ್ಯಾಲೆ ಬಿಡಿಸಿಬಿಡೂಣೇನ್ರಿ?

ದಯವಿಟ್ಟು ಹಾಗೆ ಮಾಡಬೇಡಿ. ನೂರಕ್ಕೆ ಒಂದು ಎಂಬುದು ಆ ಅಧ್ಯಯನದಲ್ಲಿದ್ದಂಥ ಜನರ ಲೆಕ್ಕ, ನಿಮ್ಮ ಅಪ್ಪಾಜಿಯವರ ಲೆಕ್ಕವಲ್ಲ.

ಒಂದು ಔಷಧದ ಸಾಪೇಕ್ಷ ಪರಿಣಾಮ ಬೇರೆ ಬೇರೆ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದುಂಟು, ಆದರೆ ಮೂಲ ಅಪಾಯ ಮನುಷ್ಯನಿಂದ ಮನುಷ್ಯನಿಗೆ ಬಹಳ ಬೇರೆ. ಒಬ್ಬರಿಗೆ ಈಗಾಗಲೇ ಒಮ್ಮೆ ಹೃದಯಾಘಾತ ಆಗಿದೆ, ಸಕ್ಕರೆ ಕಾಯಿಲೆಯೂ ಇದೆ, ಅಂಥವರಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ನೂರಕ್ಕೆ 20 ಮಂದಿಗೆ ತೊಂದರೆ ಆಗಬಹುದು ಎಂದಿಟ್ಟುಕೊಳ್ಳಿ. ಈ 20 ಲೆಕ್ಕಕ್ಕಾಗಿ ನಾವೇ ಇಟ್ಟ ಸಂಖ್ಯೆ. ಅದರಲ್ಲಿ ಶೇ 36 ಇಳಿದರೆ ಉಳಿಯುವುದು 12.8. ಅಂದರೆ ನೂರಕ್ಕೆ 7 ಮಂದಿ ಪಾರಾದರು, 14 ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬರು ಉಳಿದರು. ಇನ್ನೊಂದು ಕಡೆ ಯಾವ ತೊಂದರೆಯೂ ಇಲ್ಲದ 35 ವರ್ಷದವರನ್ನು ತೆಗೆದುಕೊಳ್ಳಿ. ಅವರ ಮೂಲ ಅಪಾಯ ಸಾವಿರಕ್ಕೆ 2 ಎಂದಿದ್ದರೆ, ಶೇ 36 ಇಳಿದರೂ ಸಾವಿರಕ್ಕೆ ಒಬ್ಬರೂ ಪೂರ್ತಿ ಆಗುವುದಿಲ್ಲ.

ಆದ್ದರಿಂದ ವೈದ್ಯರನ್ನು ಕೇಳಬೇಕಾದದ್ದು ಇಷ್ಟು: ‘ನಮ್ಮ ಅಪ್ಪಾಜಿ ಅಂಥವರು ನೂರು ಮಂದಿ ಇದ್ದರೆ, ಗುಳಿಗೆ ಇಲ್ಲದೆ ಹತ್ತು ವರ್ಷದಲ್ಲಿ ಎಷ್ಟು ಮಂದಿಗೆ ತೊಂದರೆ ಆಗುತ್ತದೆ, ಗುಳಿಗೆ ತೆಗೆದುಕೊಂಡರೆ ಎಷ್ಟು ಮಂದಿಗೆ?’ ಹೀಗೆ ಎಣಿಕೆಯಲ್ಲಿ ಕೇಳಿದರೆ ಉತ್ತರವೂ ಎಣಿಕೆಯಲ್ಲೇ ಬರುತ್ತದೆ.

36 ಕಡಿಮಿ ಆಗಿದ್ದು ಹೃದಯಾಘಾತವೋ, ಸಾವೋ?

ಹೃದಯಾಘಾತ ಮತ್ತು ಅದಕ್ಕೆ ಸಂಬಂಧಪಟ್ಟ ಸಾವು. ಎಲ್ಲ ಕಾರಣಗಳಿಂದಾದ ಒಟ್ಟು ಸಾವು ನೋಡಿದರೆ ಹುಸಿ ಗುಳಿಗೆಯಲ್ಲಿ 212, ನಿಜ ಗುಳಿಗೆಯಲ್ಲಿ 185. ಅಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬಂದಿರಬಹುದು ಎಂಬ ಸಾಧ್ಯತೆಯನ್ನು ತಳ್ಳಿಹಾಕಲು ಆಗಿರಲಿಲ್ಲ. ಶೀರ್ಷಿಕೆಯಲ್ಲಿ ‘ಪ್ರಾಣ ಉಳಿಸುತ್ತದೆ’ ಎಂದಿದ್ದು, ಒಳಗೆ ಅಳೆದದ್ದು ಬೇರೆಯೇ ಆಗಿದ್ದರೆ ಅಲ್ಲಿ ನಿಂತು ಓದಬೇಕು.

‘ಅಪಾಯ ಎರಡು ಪಟ್ಟು’ ಅಂತ ಬಂದ್ರ ಹೆದರಬೇಕೇನ್ರಿ?

ಯಾವುದರ ಎರಡು ಪಟ್ಟು ಎಂದು ತಿಳಿಯುವವರೆಗೆ ಹೆದರಲೂ ಬೇಡಿ, ನಿರಾಳವಾಗಲೂ ಬೇಡಿ. ಇದನ್ನು ಕೇಳದೆ ಹೋದದ್ದಕ್ಕೆ ಬ್ರಿಟನ್ ದೊಡ್ಡ ಬೆಲೆ ತೆತ್ತಿದೆ.

1995ರ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ವೈದ್ಯರಿಗೆಲ್ಲ ಪತ್ರ ಕಳಿಸಿತು. ಕೆಲವು ಹೊಸ ಗರ್ಭನಿರೋಧಕ ಗುಳಿಗೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯ ಗುಳಿಗೆಗಳಿಗಿಂತ ಸುಮಾರು ಎರಡು ಪಟ್ಟು ಎಂಬುದು ಅದರ ತಿರುಳು. ಸುದ್ದಿಯಲ್ಲಿ ಉಳಿದದ್ದು ‘ಎರಡು ಪಟ್ಟು’ ಮಾತ್ರ. ಆಗ ಇದ್ದ ಅಂದಾಜಿನ ಪ್ರಕಾರ ಹಳೆಯ ಗುಳಿಗೆ ನುಂಗುವ ಒಂದು ಲಕ್ಷ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 15 ಮಂದಿಗೆ ಹೀಗಾಗುತ್ತಿತ್ತು, ಹೊಸ ಗುಳಿಗೆಯಲ್ಲಿ ಸುಮಾರು 30 ಮಂದಿಗೆ. ಅಂದರೆ 7,000 ಮಹಿಳೆಯರಿಗೆ ಒಬ್ಬರಿದ್ದದ್ದು ಇಬ್ಬರಾಯಿತು. ಹುಬ್ಬಳ್ಳಿಯ ನೆಹರು ಮೈದಾನದಲ್ಲಿ 7,000 ಮಹಿಳೆಯರು ಸೇರಿದ್ದಾರೆ ಎಂದುಕೊಳ್ಳಿ. ಹೊಸ ಗುಳಿಗೆಯಿಂದಾಗಿ ವರ್ಷಕ್ಕೆ ಅಷ್ಟು ಜನರಲ್ಲಿ ಒಬ್ಬರಿಗೆ ಹೆಚ್ಚಾಗಿ ತೊಂದರೆ. ಆ ತೊಂದರೆಯೂ ಬಹುತೇಕ ಸಲ ಪ್ರಾಣಾಂತಿಕವಲ್ಲ.

ಯಾರ ಕಣ್ಣಿಗೂ ಬೀಳದೆ ಹೋದ ಅಂಕಿ ಇನ್ನೊಂದಿತ್ತು. ಬಸಿರಿನಲ್ಲಿ ಅದೇ ಅಪಾಯ ಒಂದು ಲಕ್ಷಕ್ಕೆ ಸುಮಾರು 60. ಗಾಬರಿಯಿಂದ ಗುಳಿಗೆಯನ್ನು ನಡುವೆಯೇ ಬಿಟ್ಟ ಎಷ್ಟೋ ಮಹಿಳೆಯರು ಬಯಸದೆ ಗರ್ಭ ಧರಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮರುವರ್ಷ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಎಂಬ ಅಂದಾಜಿದೆ. ಲಕ್ಷಕ್ಕೆ 30ರ ಭಯದಿಂದ ಓಡಿದವರು ಲಕ್ಷಕ್ಕೆ 60ರ ಕಡೆಗೆ ಹೋದರು. ಸಮಿತಿಯ ಮಾತಿನಲ್ಲಿ ತಪ್ಪಿರಲಿಲ್ಲ, ಆದರೆ 15, 30, 60 ಎಂಬ ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೇಳಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ.

ಒಂದು ಸುದ್ದಿಯಲ್ಲಿ ಲಾಭವನ್ನು ‘ಶೇ 36’ ಎಂದು ಸಾಪೇಕ್ಷವಾಗಿಯೂ, ಅಡ್ಡಪರಿಣಾಮವನ್ನು ‘ಸಾವಿರಕ್ಕೆ ಒಬ್ಬರಿಗೆ’ ಎಂದು ನಿರಪೇಕ್ಷವಾಗಿಯೂ ಹೇಳಿದ್ದರೆ ಎಚ್ಚರ ಬೇಕು. ಒಂದನ್ನು ಕಿಲೋದಲ್ಲಿ, ಇನ್ನೊಂದನ್ನು ಕ್ವಿಂಟಾಲಿನಲ್ಲಿ ತೂಗಿ ಬರೀ ಅಂಕಿಗಳನ್ನು ಹೋಲಿಸಿದಂತೆ ಅದು. ಎರಡನ್ನೂ ನೂರಕ್ಕೋ ಸಾವಿರಕ್ಕೋ ತಂದು ನೋಡಬೇಕು.

ಶೇ 3 ಇದ್ದದ್ದು ಶೇ 2 ಆದ್ರ, ಇಳದದ್ದು ಶೇ 1 ಅನ್ನಬೇಕೋ ಶೇ 33 ಅನ್ನಬೇಕೋ?

ಎರಡನ್ನೂ ಜನ ಬಳಸುತ್ತಾರೆ, ಗೊಂದಲ ಹುಟ್ಟುವುದೂ ಅಲ್ಲೇ. ಕಳೆದರೆ ಬರುವ 1ನ್ನು ಪರ್ಸೆಂಟೇಜ್ ಪಾಯಿಂಟ್ ಎನ್ನಬೇಕು, ಭಾಗಿಸಿದರೆ ಬರುವ 33ನ್ನು ಶೇಕಡಾ ಎನ್ನಬೇಕು. ಸುದ್ದಿಯಲ್ಲಿ ಬರೀ ‘ಶೇಕಡಾ’ ಎಂದಿದ್ದರೆ ಹಿಂದಿನ ಮತ್ತು ಈಗಿನ ಎರಡೂ ಅಂಕಿ ಹುಡುಕಿ ನೀವೇ ಕಳೆದು ನೋಡುವುದು ಒಳ್ಳೆಯದು.

‘ತಾಲೂಕಿನಲ್ಲಿ ಡೆಂಗಿ ಶೇ 100 ಏರಿಕೆ’ ಅಂತ ಬಂದಿತ್ತು. ನಿಜವೇನ್ರಿ?

ಕಳೆದ ವಾರ 2 ಪ್ರಕರಣ, ಈ ವಾರ 4 ಇದ್ದರೂ ಶೇ 100 ಏರಿಕೆಯೇ. 200 ಇದ್ದದ್ದು 400 ಆದರೂ ಶೇ 100 ಏರಿಕೆಯೇ. ಮೊದಲನೆಯದರಲ್ಲಿ ಒಂದೇ ಮನೆಯ ಇಬ್ಬರು ರಕ್ತ ಪರೀಕ್ಷೆಗೆ ಹೋದರೂ ಅಂಕಿ ಹಾರುತ್ತದೆ. ಎರಡನೆಯದು ನಿಜವಾಗಿಯೂ ಓಣಿ ಓಣಿಯಲ್ಲಿ ನೀರಿನ ತೊಟ್ಟಿ ತಪಾಸಣೆ ಮಾಡಬೇಕಾದ ಸ್ಥಿತಿ. ಪ್ರಕರಣಗಳು ಹತ್ತಿಪ್ಪತ್ತರ ಒಳಗಿದ್ದಾಗ ಶೇಕಡಾ ಹೇಳುವುದನ್ನೇ ಬಿಟ್ಟು ಎಣಿಕೆ ಕೊಡಬೇಕು. ಪರೀಕ್ಷೆ ಎಷ್ಟು ಮಂದಿಗೆ ಮಾಡಿದರು ಎಂಬುದೂ ಜೊತೆಗಿರಬೇಕು, ಏಕೆಂದರೆ ಪರೀಕ್ಷೆ ದುಪ್ಪಟ್ಟಾದರೆ ಪ್ರಕರಣವೂ ಹೆಚ್ಚು ಸಿಗುತ್ತವೆ.

ಅಂಕಿ ತಿಳೀತು. ಗ್ರಾಫ್‌ನ್ಯಾಗ ಹೆಂಗ ಮೋಸ ಆಗತೈತಿ?

ಅಲ್ಲಿ ಆಗುವುದೂ ಇದೇ. ಮಾತಿನಲ್ಲಿ ಮೂಲ ಅಪಾಯವನ್ನು ಬಿಟ್ಟ ಹಾಗೆ, ಚಿತ್ರದಲ್ಲಿ ಕಂಬದ ಬುಡವನ್ನು ಕತ್ತರಿಸುತ್ತಾರೆ. ಮೇಲಿನ ಅಧ್ಯಯನವನ್ನೇ ಬಾರ್ ಗ್ರಾಫ್ ಮಾಡೋಣ. ಮಕ್ಕಳ ಗ್ರಾಫ್ ಹಾಳೆ ಮತ್ತು ಒಂದು ಸ್ಕೇಲ್ ಸಾಕು.

ಮೊದಲು ಎಡಗಡೆಯ ಅಳತೆಯನ್ನು ಸೊನ್ನೆಯಿಂದ ಶುರು ಮಾಡಿ, ಒಂದು ಶೇಕಡಾಕ್ಕೆ 10 ಮಿಲಿಮೀಟರ್ ಹಿಡಿಯಿರಿ. ಹುಸಿ ಗುಳಿಗೆಯ ಕಂಬ 30 ಮಿ.ಮೀ., ನಿಜ ಗುಳಿಗೆಯ ಕಂಬ 19 ಮಿ.ಮೀ. ಎರಡನೆಯದು ಮೊದಲನೆಯದರ ಮೂರನೇ ಎರಡು ಭಾಗಕ್ಕೆ ಹತ್ತಿರ.

ಈಗ ಅಳತೆಯನ್ನು 1.5ರಿಂದ ಶುರು ಮಾಡಿ. ಮೊದಲ ಕಂಬದಲ್ಲಿ 1.5 ಉಳಿಯಿತು, ಎರಡನೆಯದರಲ್ಲಿ 0.4 ಮಾತ್ರ. ಮೊದಲ ಕಂಬ ಅದೇ 30 ಮಿ.ಮೀ. ಎತ್ತರ ಬರುವಂತೆ ಹಿಗ್ಗಿಸಿದರೆ ಎರಡನೆಯದು 8 ಮಿ.ಮೀ. ಆಗುತ್ತದೆ. ನೋಡಿದವರಿಗೆ ಅಪಾಯ ನಾಲ್ಕನೇ ಒಂದು ಭಾಗಕ್ಕೆ ಇಳಿದಂತೆ ಕಾಣುತ್ತದೆ. ಒಂದೂ ಅಂಕಿಯನ್ನು ಬದಲಿಸಿಲ್ಲ, ಬುಡದ 1.5ನ್ನು ಕಾಗದದ ಕೆಳಗೆ ಮಡಚಿದ್ದೇವೆ ಅಷ್ಟೆ. ಕಂಬವನ್ನು ನಾವು ಅದರ ಪೂರ್ತಿ ಉದ್ದದಿಂದಲೇ ಅಳೆಯುತ್ತೇವೆ. ಅದಕ್ಕೇ ಬಾರ್ ಗ್ರಾಫಿಗೆ ಸೊನ್ನೆ ಬೇಕೇ ಬೇಕು.

ಪತ್ರಿಕೆಯ ಗ್ರಾಫಿನಲ್ಲಿ ಇದನ್ನು ಹಿಡಿಯುವುದು ಸುಲಭ. ಸ್ಕೇಲಿನಿಂದ ಎರಡೂ ಕಂಬ ಅಳೆದು ದೊಡ್ಡದನ್ನು ಸಣ್ಣದರಿಂದ ಭಾಗಿಸಿ. ಕಂಬಗಳ ಮೇಲೆ ಬರೆದ ಅಂಕಿಗಳನ್ನೂ ಹಾಗೆಯೇ ಭಾಗಿಸಿ. ಎರಡು ಉತ್ತರ ಒಂದೇ ಬರಬೇಕು. ನಮ್ಮ ಎರಡನೇ ಚಿತ್ರದಲ್ಲಿ ಕಂಬಗಳು 30 ÷ 8, ಅಂದರೆ 3.75 ಎನ್ನುತ್ತವೆ. ಅಂಕಿಗಳು 3.0 ÷ 1.9, ಅಂದರೆ 1.58 ಎನ್ನುತ್ತವೆ. ಮೊಬೈಲಿನಲ್ಲಿ ನೋಡುವಾಗ ಸ್ಕ್ರೀನ್‌ಶಾಟ್ ತೆಗೆದು, ದೊಡ್ಡದು ಮಾಡಿ, ಪರದೆಯ ಮೇಲೆಯೇ ಸ್ಕೇಲ್ ಇಟ್ಟರೂ ನಡೆಯುತ್ತದೆ. ಎಡಗಡೆ ಅಂಕಿಗಳೇ ಇಲ್ಲದ ಗ್ರಾಫ್ ಆದರೆ ಅನುಮಾನ ಇನ್ನೂ ಹೆಚ್ಚಿರಲಿ.

ಸೊನ್ನೆಯಿಂದ ಶುರು ಮಾಡಿದ್ರ ಗ್ರಾಫ್ ಪೂರ್ತಿ ನಂಬಬಹುದಲ್ಲ?

ಇಲ್ಲಿ ಬಹಳ ಮಂದಿ ಎಡವುತ್ತಾರೆ. 30 ಮತ್ತು 19 ಮಿ.ಮೀ.ನ ಆ ಪ್ರಾಮಾಣಿಕ ಚಿತ್ರ ಕೂಡ ತೋರಿಸುವುದು ಸಾಪೇಕ್ಷ ಅಪಾಯವನ್ನೇ. ಬುಡ ಸರಿಯಿದೆ, ಆದರೆ ತಲೆ 3ಕ್ಕೇ ಮುಗಿದಿದೆ. ಏನೂ ಆಗದೆ ಉಳಿದ 97 ಮಂದಿ ಚಿತ್ರದಲ್ಲಿ ಎಲ್ಲೂ ಇಲ್ಲ. ಮೂಲ ಅಪಾಯ ಶೇ 3ರ ಬದಲು ಲಕ್ಷಕ್ಕೆ 3 ಇದ್ದಿದ್ದರೂ ಕಂಬಗಳು ಹೀಗೇ ಕಾಣುತ್ತಿದ್ದವು.

ಅಳತೆಯನ್ನು 100ರವರೆಗೆ ಎಳೆದರೂ ಕಷ್ಟ ತಪ್ಪಲಿಲ್ಲ. 10 ಸೆಂಟಿಮೀಟರ್ ಎತ್ತರದ ಗ್ರಾಫಿನಲ್ಲಿ ಕಂಬಗಳು 3 ಮಿ.ಮೀ. ಮತ್ತು 1.9 ಮಿ.ಮೀ. ಆಗಿ, ನೆಲಕ್ಕೆ ಅಂಟಿದ ಎರಡು ಗೆರೆಗಳಂತೆ ಕಾಣುತ್ತವೆ. ಸಾವಿರಾರು ಜನ ಈ ಗುಳಿಗೆ ತೆಗೆದುಕೊಳ್ಳುವಾಗ ನೂರಕ್ಕೆ ಒಬ್ಬರು ಎಂಬುದು ಸಣ್ಣ ಮಾತಲ್ಲ, ಅದನ್ನೂ ಮರೆಮಾಚಿದ ಹಾಗಾಯಿತು.

ನಾವು ಸೂಚಿಸುವುದು ನೂರು ಚೌಕಗಳ ಚಿತ್ರ. ಗ್ರಾಫ್ ಹಾಳೆಯಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಚೌಕದಂತೆ ಪಕ್ಕಪಕ್ಕ ಎರಡು ಪಟ್ಟಿ ಹಾಕಿ. ಒಂದರಲ್ಲಿ 3 ಚೌಕ, ಇನ್ನೊಂದರಲ್ಲಿ 2 ಚೌಕಕ್ಕೆ ಬಣ್ಣ ತುಂಬಿ. ಮೂರು ಇದ್ದದ್ದು ಎರಡಾಯಿತು ಎಂಬುದೂ ಕಾಣುತ್ತದೆ, ಖಾಲಿ ಉಳಿದ ಚೌಕಗಳೂ ಕಾಣುತ್ತವೆ. ಮೂಲ ಅಪಾಯ ಇನ್ನೂ ಸಣ್ಣದಿದ್ದರೆ ಸಾವಿರ ಚುಕ್ಕಿ ಬೇಕಾಗುತ್ತದೆ.

ಲೈನ್ ಗ್ರಾಫಿಗೂ ಸೊನ್ನೆ ಬೇಕೇನ್ರಿ?

ಬೇಕಂತಿಲ್ಲ. ಜ್ವರದ ಚಾರ್ಟನ್ನು ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ನಿಂದ ಬರೆದರೆ 98.6 ಮತ್ತು 103 ಎರಡೂ ಒಂದೇ ಗೆರೆಯಂತೆ ಕಾಣುತ್ತವೆ, ವೈದ್ಯರಿಗೆ ಉಪಯೋಗವಿಲ್ಲ. ಗೆರೆಯಲ್ಲಿ ನಾವು ಓದುವುದು ಉದ್ದವನ್ನಲ್ಲ, ಏರಿಳಿತವನ್ನು. ಆದರೆ ಏರು ಎಷ್ಟು ಕಡಿದು ಎಂಬುದು ಎಡಗಡೆಯ ಅಳತೆಯ ಮೇಲೆ ನಿಂತಿದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕ್ವಿಂಟಾಲಿಗೆ 30,000 ಇದ್ದದ್ದು 31,500 ಆಯಿತು ಎಂದಿಟ್ಟುಕೊಳ್ಳಿ. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ಅಳತೆ 29,900ರಿಂದ 31,500ರವರೆಗೆ ಇದ್ದರೆ ಗೆರೆ ಹಾಳೆಯ ಕೆಳ ಅಂಚಿನಿಂದ ಮೇಲಂಚಿಗೆ ಹಾರುತ್ತದೆ. ಆದ ಏರಿಕೆ ಶೇ 5 ಮಾತ್ರ. ಆದ್ದರಿಂದ ಗೆರೆಯ ಆಕಾರ ನೋಡುವ ಮೊದಲು ಅದರ ಮೊದಲ ತುದಿಯ ಅಂಕಿ, ಕೊನೆಯ ತುದಿಯ ಅಂಕಿ ಓದಿ ಶೇಕಡಾ ಹಾಕಿಕೊಳ್ಳಿ. ಜೊತೆಗೆ ಗೆರೆ ಯಾವ ತಿಂಗಳಿನಿಂದ ಶುರುವಾಗಿದೆ ಎಂದು ನೋಡಿ. ಆವಕ ಜೋರಾಗಿ ದರ ಬಿದ್ದ ವಾರದಿಂದ ಶುರು ಮಾಡಿದರೆ ಯಾವ ವರ್ಷವನ್ನಾದರೂ ‘ದರ ಏರಿಕೆ’ಯ ವರ್ಷವೆಂದು ತೋರಿಸಬಹುದು. ಕಳೆದ ವರ್ಷದ ಇದೇ ತಿಂಗಳಿನ ದರವೇ ಸರಿಯಾದ ಹೋಲಿಕೆ.

ಕಂಬದ ಬದಲಿ ಮೆಣಸಿನಕಾಯಿ ಚಿತ್ರನ ದೊಡ್ಡದು, ಸಣ್ಣದು ಮಾಡಿ ಹಾಕಿರತಾರಲ್ಲ?

ಎರಡು ಪಟ್ಟು ತೋರಿಸಲು ಚಿತ್ರದ ಎತ್ತರವನ್ನು ಎರಡು ಪಟ್ಟು ಮಾಡಿದಾಗ ಅಗಲವೂ ಎರಡು ಪಟ್ಟಾಗುತ್ತದೆ. ಕಾಗದದ ಮೇಲೆ ಅದು ಆಕ್ರಮಿಸುವ ಜಾಗ ನಾಲ್ಕು ಪಟ್ಟು. ಕಣ್ಣಿಗೆ ಕಾಣುವುದು ಜಾಗ. ಒಂದೇ ಅಳತೆಯ ಕಾಯಿಗಳನ್ನು ಸಾಲಾಗಿ ಇಟ್ಟು ಎಣಿಸುವಂತೆ ಮಾಡಿದ್ದರೆ ತೊಂದರೆಯಿಲ್ಲ.

ಸುದ್ದ್ಯಾಗ ಮೂಲ ಅಂಕಿನ ಇಲ್ಲ. ಎಲ್ಲಿ ಹುಡುಕೂದು?

ಸುದ್ದಿಯಲ್ಲಿ ಔಷಧದ ಅಥವಾ ಕಾಯಿಲೆಯ ಹೆಸರು, ನಿಯತಕಾಲಿಕದ ಹೆಸರು, ವರ್ಷ ಇವುಗಳಲ್ಲಿ ಎರಡಾದರೂ ಇರುತ್ತವೆ. ಅವನ್ನು `PubMed` ಎಂಬ ಉಚಿತ ಜಾಲತಾಣದಲ್ಲಿ ಹಾಕಿದರೆ ಅಧ್ಯಯನದ ಸಾರಾಂಶ ಸಿಗುತ್ತದೆ. ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಹೆದರಬೇಕಿಲ್ಲ, ಹುಡುಕಬೇಕಾದದ್ದು ನಾಲ್ಕೇ ಅಂಕಿ: ಪ್ರತಿ ಗುಂಪಿನಲ್ಲಿ ಎಷ್ಟು ಜನ, ಅದರಲ್ಲಿ ಎಷ್ಟು ಮಂದಿಗೆ ತೊಂದರೆ. ಅವು ಸಾಮಾನ್ಯವಾಗಿ ಸಾರಾಂಶದ `Methods` ಮತ್ತು `Findings` ಅಥವಾ `Results` ಭಾಗದಲ್ಲಿರುತ್ತವೆ. ನಾವು ಮೇಲೆ ಬಳಸಿದ 100, 154 ಹಾಗೇ ಸಿಗುವಂಥವು, 5,168 ಮತ್ತು 5,137ಕ್ಕೆ ಮಾತ್ರ ಪೂರ್ತಿ ವರದಿ ನೋಡಬೇಕು. ಆ ಅಧ್ಯಯನದ ಚಿಕ್ಕ ಹೆಸರು ಮತ್ತು ವರ್ಷ ಹಾಕಿ, `ASCOT-LLA 2003` ಎಂದು ಹುಡುಕಿ ತಾಳೆ ನೋಡಿ.

ಅಲ್ಲೇ ಪಕ್ಕದಲ್ಲಿ `hazard ratio 0.64 [95% CI 0.50-0.83]` ಎಂದು ಕಾಣುತ್ತದೆ. ಮೊದಲ ಅಂಕಿ ನಿಜ ಗುಳಿಗೆಯ ಗುಂಪಿನ ಅಪಾಯವನ್ನು ಹುಸಿ ಗುಳಿಗೆಯ ಗುಂಪಿನ ಅಪಾಯಕ್ಕೆ ಹೋಲಿಸಿದ ಅನುಪಾತ. ಒಂದರಲ್ಲಿ 0.64 ಕಳೆದರೆ 0.36, ಶೀರ್ಷಿಕೆಯ ಶೇ 36 ಬಂದದ್ದು ಅಲ್ಲಿಂದ. ಆವರಣದ ಒಳಗಿನ ಎರಡು ಅಂಕಿಗಳನ್ನೂ ಹಾಗೆಯೇ ಒಂದರಿಂದ ಕಳೆಯಿರಿ. ನಿಜವಾದ ಇಳಿಕೆ ಶೇ 17ರಷ್ಟು ಕಡಿಮೆಯೂ ಇರಬಹುದು, ಶೇ 50ರಷ್ಟು ಹೆಚ್ಚೂ ಇರಬಹುದು ಎಂಬುದು ಅದರ ಅರ್ಥ. ಮೂಲ ಅಪಾಯ ನೂರಕ್ಕೆ 3 ಇದ್ದಾಗ ಶೇ 17 ಎಂದರೆ ಸುಮಾರು ಅರ್ಧ ಮನುಷ್ಯ, ಶೇ 50 ಎಂದರೆ ಒಂದೂವರೆ. ಈ ಅಧ್ಯಯನವನ್ನು ಐದು ವರ್ಷ ನಡೆಸಬೇಕೆಂದಿದ್ದು, ಲಾಭ ಸ್ಪಷ್ಟವಾಗಿ ಕಂಡದ್ದರಿಂದ ಬೇಗ ನಿಲ್ಲಿಸಿದರು. ಹಾಗೆ ಬೇಗ ನಿಲ್ಲಿಸಿದ ಅಧ್ಯಯನಗಳಲ್ಲಿ ಲಾಭ ಇರುವುದಕ್ಕಿಂತ ತುಸು ಹೆಚ್ಚಾಗಿ ಕಾಣುವುದುಂಟು, ಆದ್ದರಿಂದ 94 ಎಂಬ ಅಂಕಿಯನ್ನೂ ‘ಸುಮಾರು’ ಎಂದೇ ಓದಿ.